ವೆಂಡರ್ ಬಿಲ್ ಎಂಟ್ರಿಗೆ ಓಸಿಆರ್ ಮತ್ತು ಬಾಟ್: ಓದುವುದು ಸುಲಭ, ತಪ್ಪು ಹಿಡಿಯುವುದೇ ಕೆಲಸ

ನಾನು ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದಿನಕ್ಕೆ ಹೆಚ್ಚುಕಡಿಮೆ 60 ವೆಂಡರ್ ಬಿಲ್ ಬರುತ್ತವೆ. ಪೀಣ್ಯದಿಂದ, ನರಸಾಪುರದಿಂದ, ಹೊಸೂರಿನಿಂದ, ಒಮ್ಮೊಮ್ಮೆ ಚಿತ್ತೂರು ಕಡೆಯಿಂದ. ಕೆಲವು ಮೇಲ್‌ನಲ್ಲಿ ಪಿಡಿಎಫ್ ಆಗಿ ಬರುತ್ತವೆ, ಕೆಲವು ಲಾರಿ ಡ್ರೈವರ್ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಬರುತ್ತವೆ, ಕೆಲವು ಎರಡೂ ದಾರಿಯಲ್ಲಿ ಬಂದು ತಲೆನೋವು ತರುತ್ತವೆ. ಇವನ್ನೆಲ್ಲ ಕೈಯಲ್ಲಿ ಟೈಪ್ ಮಾಡುವ ಬದಲು ಓಸಿಆರ್‌ನಿಂದ ಓದಿಸಿ, ಬಾಟ್‌ನಿಂದ ಸಾಫ್ಟ್‌ವೇರ್‌ಗೆ ತುಂಬಿಸುವ ವ್ಯವಸ್ಥೆಯನ್ನು ನಾವೇ ಕಟ್ಟಿಕೊಂಡೆವು. ಓದಿಸುವುದು, ತುಂಬಿಸುವುದು ಎರಡೂ ಒಂದು ತಿಂಗಳಲ್ಲಿ ಮುಗಿಯಿತು. ಓದಿದ್ದು ತಪ್ಪಾದಾಗ ಬಾಟ್ ಏನು ಮಾಡಬೇಕು ಅನ್ನುವುದಕ್ಕೆ ಎಂಟು ತಿಂಗಳು ಹಿಡಿಯಿತು. ಈ ಲೇಖನ ಆ ಎಂಟು ತಿಂಗಳ ಬಗ್ಗೆ.

ಶುರು ಮಾಡುವ ಮುಂಚೆ ಒಂದು ಮಾತು. ನೀವು ಟ್ಯಾಲಿ ಬಳಸುತ್ತಿದ್ದರೆ ಬಾಟ್ ಸ್ಕ್ರೀನ್ ಮೇಲೆ ಕ್ಲಿಕ್ ಮಾಡುವ ಅಗತ್ಯವೇ ಇಲ್ಲ. ಟ್ಯಾಲಿಗೆ ಎಕ್ಸ್‌ಎಂಎಲ್ ಫೈಲ್ ಇಂಪೋರ್ಟ್ ಮಾಡಬಹುದು, ಇಲ್ಲವೇ ಅದನ್ನೇ ಸರ್ವರ್ ಥರ ಓಡಿಸಿ `9000` ಪೋರ್ಟ್‌ಗೆ ವೋಚರ್ ಕಳಿಸಬಹುದು. ಸ್ಕ್ರೀನ್ ಬಾಟ್ ಬೇಕಾಗುವುದು ನಮ್ಮದರ ಥರ ಇಂಪೋರ್ಟ್ ಸೌಲಭ್ಯವೇ ಇಲ್ಲದ ಹಳೇ ಸಾಫ್ಟ್‌ವೇರ್ ಇದ್ದಾಗ. ನಾವು ಬಳಸಿದ್ದು ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ `Power Automate Desktop`, ಓದಲು `Tesseract`. ನೀವು ಬೇರೆ ಯಾವುದನ್ನೇ ತೆಗೆದುಕೊಂಡರೂ ಕೆಳಗಿನ ವಿಷಯ ಬದಲಾಗುವುದಿಲ್ಲ.

ಮೊದಲು ಬಿಲ್‌ಗಳನ್ನು ಬೇರೆ ಮಾಡಿ

ಎಲ್ಲ ಪಿಡಿಎಫ್‌ಗೂ ಓಸಿಆರ್ ಬೇಡ. ವೆಂಡರ್ ತನ್ನ ಸಾಫ್ಟ್‌ವೇರ್‌ನಿಂದ ನೇರವಾಗಿ ಮೇಲ್ ಮಾಡಿದ ಪಿಡಿಎಫ್ ಒಳಗೆ ಅಕ್ಷರಗಳು ಅಕ್ಷರವಾಗಿಯೇ ಇರುತ್ತವೆ, ಚಿತ್ರವಾಗಿ ಅಲ್ಲ. ಅಂಥದ್ದನ್ನು ಚಿತ್ರ ಮಾಡಿ ಮತ್ತೆ ಓದಿಸಿದರೆ ಸುಮ್ನೆ ನಾವೇ ತಪ್ಪು ಸೇರಿಸಿದ ಹಾಗೆ. ಆದ್ದರಿಂದ ಮೊದಲು ಅಕ್ಷರ ಸಿಗುತ್ತದಾ ನೋಡಿ, ಖಾಲಿ ಬಂದರೆ ಮಾತ್ರ ಓಸಿಆರ್‌ಗೆ ಕಳಿಸಿ.

```
pdftotext -layout bill.pdf bill.txt
pdftoppm -r 300 -gray -png bill.pdf page
tesseract page-1.png out --psm 6 -l eng tsv
```

ಮೊದಲ ಸಾಲು ಅಕ್ಷರ ತೆಗೆಯುತ್ತದೆ. ಎರಡನೆಯದು 300 ಡಿಪಿಐ ಚಿತ್ರ ಮಾಡುತ್ತದೆ, ಮೂರನೆಯದು ಓದುತ್ತದೆ. 300ಕ್ಕಿಂತ ಕಡಿಮೆ ಇದ್ದರೆ ಸಣ್ಣ ಅಂಕಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೊನೆಯಲ್ಲಿ `tsv` ಅಂತ ಹಾಕಿದ್ದರಿಂದ ಪ್ರತಿ ಪದದ ಜೊತೆ ಅದು ಕಾಗದದ ಯಾವ ಜಾಗದಲ್ಲಿತ್ತು ಅನ್ನುವುದೂ ಸಿಗುತ್ತದೆ. ಈ ಜಾಗದ ಮಾಹಿತಿ ಮುಂದೆ ಬೇಕಾಗುತ್ತದೆ, ಬಿಸಾಡಬೇಡಿ.

ಅದೇ ಫೈಲ್‌ನಲ್ಲಿ `conf` ಅಂತ ಒಂದು ಕಾಲಂ ಇರುತ್ತದೆ, ಓದಿದ್ದರ ಬಗ್ಗೆ ಓಸಿಆರ್‌ಗೆ ಎಷ್ಟು ಭರವಸೆ ಇದೆ ಅಂತ 100ಕ್ಕೆ ಅಂಕ. ಶುರುವಿನಲ್ಲಿ ನಾವು ಇದನ್ನೇ ನಂಬಿದ್ದೆವು: 85ರ ಮೇಲಿದ್ದರೆ ಸರಿ, ಕೆಳಗಿದ್ದರೆ ಮನುಷ್ಯ ನೋಡಲಿ ಅಂತ. ದೊಡ್ಡ ತಪ್ಪು. ಮಸುಕಾದ ಡಾಟ್ ಮ್ಯಾಟ್ರಿಕ್ಸ್ ಬಿಲ್‌ನಲ್ಲಿ 8ನ್ನು 3 ಅಂತ ಓದಿ, 90ರ ಮೇಲೆ ಅಂಕ ಕೊಟ್ಟುಕೊಂಡು ನೆಮ್ಮದಿಯಾಗಿ ಕೂತಿರುತ್ತದೆ. ಕಾರಣ ಸರಳ. ಎಡಗಡೆ ಗೆರೆ ಅಳಿಸಿಹೋದ 8 ನಿಜವಾಗಿಯೂ ಚೆಂದದ 3ರ ಹಾಗೆಯೇ ಕಾಣುತ್ತದೆ. ಓಸಿಆರ್‌ಗೆ ಅನುಮಾನ ಬರಲು ಅಲ್ಲಿ ಏನೂ ಇಲ್ಲ. ಆ ಅಂಕ ತೀರಾ ಕಡಿಮೆ ಇದ್ದರೆ ಕಾಗದವೇ ಹಾಳಾಗಿದೆ ಅಂತ ತಿಳಿಯಬಹುದು, ಅಷ್ಟೇ. ಜಾಸ್ತಿ ಇದೆ ಅಂದಮಾತ್ರಕ್ಕೆ ಸರಿ ಅಂತ ಅರ್ಥವಲ್ಲ.

ಕೈಬರಹದ ಹಮಾಲಿ ಚೀಟಿ, ಟೆಂಪೋ ಬಾಡಿಗೆ ರಸೀದಿ ಇಂಥವನ್ನು ಓಸಿಆರ್ ಹತ್ತಿರ ಒಯ್ಯಲೇಬೇಡಿ. ಅವು ನೇರ ಮನುಷ್ಯನ ಟೇಬಲ್‌ಗೆ.

ಒಂದು ಬಿಲ್ ಇಟ್ಟುಕೊಂಡು ನೋಡೋಣ

ಹೊಸೂರಿನ ವೆಂಡರ್ ಒಬ್ಬರ ಬಿಲ್, ಬ್ರ್ಯಾಕೆಟ್ ಮತ್ತು ಬುಷ್. ಹೆಸರು, ನಂಬರ್ ಬದಲಿಸಿದ್ದೇನೆ, ಲೆಕ್ಕ ಅದೇ. ಬಿಲ್ ನಂಬರ್ `HF/0387/25-26`, ತಾರೀಖು 12-08-2025. ಬ್ರ್ಯಾಕೆಟ್ 240, ಒಂದಕ್ಕೆ 86.50, ಒಟ್ಟು 20,760. ಬುಷ್ 150, ಒಂದಕ್ಕೆ 42, ಒಟ್ಟು 6,300. ಎರಡೂ ಸೇರಿ 27,060. ಹೊಸೂರು ತಮಿಳುನಾಡಾದ್ದರಿಂದ ಐಜಿಎಸ್‌ಟಿ 18%, ಅಂದರೆ 4,870.80. ರೌಂಡ್ ಆಫ್ 20 ಪೈಸೆ. ಕೊಡಬೇಕಾದ್ದು 31,931.

ಲಾರಿಯಲ್ಲಿ ಬಂದ ಕಾಗದವನ್ನು ಸ್ಕ್ಯಾನ್ ಮಾಡಿದಾಗ ಓಸಿಆರ್ ಮೂರು ಕಡೆ ಎಡವಿತು. 86.50 ಅನ್ನುವುದು 36.50 ಆಯಿತು. ₹31,931 ಅನ್ನುವುದು 231,931 ಆಯಿತು. ಬಿಲ್ ನಂಬರಿನ 0387 ಹೋಗಿ 0337 ಆಯಿತು. ಮೂರೂ ಒಂದೇ ಥರದ ತಪ್ಪು ಅನ್ನಿಸುತ್ತದೆ, ಅಲ್ವಾ? ಆದರೆ ಹಿಡಿಯುವ ದಾರಿ ಮೂರಕ್ಕೂ ಬೇರೆ. ಮೊದಲ ಎರಡು ತಾವಾಗಿಯೇ ಸಿಕ್ಕಿಬೀಳುತ್ತವೆ, ಮೂರನೆಯದು ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತದೆ.

ದರದ ತಪ್ಪು ಹಿಡಿಯುವುದು ಗುಣಾಕಾರ. 240 × 36.50 ಅಂದರೆ 8,760, ಸಾಲಿನ ಕೊನೆಯಲ್ಲಿ 20,760 ಇದೆ, ಹೊಂದುವುದಿಲ್ಲ. ಬಾಟ್‌ಗೆ ಈ ಸರಣಿ ಕೊಡಿ: ಪ್ರತಿ ಸಾಲಿನಲ್ಲಿ ಎಣಿಕೆ ಗುಣಿಸು ದರ, ಸಾಲುಗಳ ಮೊತ್ತ, ಅದರ ಮೇಲೆ ತೆರಿಗೆ, ಕೊನೆಗೆ ಒಟ್ಟು. ಸಾಲಿಗೆ ಹತ್ತು ಪೈಸೆ, ಒಟ್ಟಿಗೆ ಒಂದು ರೂಪಾಯಿ ವ್ಯತ್ಯಾಸ ಬಿಡಿ, ಅದಕ್ಕಿಂತ ಜಾಸ್ತಿ ಬಿಡಬೇಡಿ. ನಮ್ಮಲ್ಲಿ ಯಾರೋ ಇದನ್ನು 'ಒಂದು ಪರ್ಸೆಂಟ್' ಅಂತ ಇಟ್ಟಿದ್ದರು. ಮೂರು ಲಕ್ಷದ ಬಿಲ್‌ನಲ್ಲಿ ಒಂದು ಪರ್ಸೆಂಟ್ ಅಂದರೆ ಮೂರು ಸಾವಿರ, ಅದೇನು ರೌಂಡ್ ಆಫ್ ಅಲ್ಲವಲ್ಲ. ಡಿಸ್ಕೌಂಟ್ ಕಾಲಂ ಇರುವ ವೆಂಡರ್‌ಗೆ ಮಾತ್ರ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು, ಇಲ್ಲದಿದ್ದರೆ ಅವರ ಎಲ್ಲ ಬಿಲ್‌ಗಳೂ ಪಕ್ಕಕ್ಕೆ ಹೋಗುತ್ತವೆ.

ರೂಪಾಯಿ ಚಿಹ್ನೆಯನ್ನು 2 ಅಂತಲೋ 7 ಅಂತಲೋ ಓದುವುದು ಈ ಕೆಲಸದ ನಿತ್ಯದ ಕಾಟ. ಇಲ್ಲಿ ನಮ್ಮ ಅಲ್ಪವಿರಾಮದ ಪದ್ಧತಿಯೇ ಕಾಪಾಡುತ್ತದೆ. ಎರಡು ಲಕ್ಷದ ಮೊತ್ತವನ್ನು ನಮ್ಮವರು 2,31,931 ಅಂತ ಬರೆಯುತ್ತಾರೆ, 231,931 ಅಂತ ಬರೆಯುವುದಿಲ್ಲ. ಅಲ್ಪವಿರಾಮದ ಮುಂಚೆ ಮೂರು ಅಂಕಿ ಬಂತು ಅಂದರೆ ಮೊದಲನೆಯದು ಅಂಕಿಯಲ್ಲ, ಚಿಹ್ನೆ ಅಂತ ಅನುಮಾನಿಸಿ. ಜೊತೆಗೆ ಬಿಲ್‌ನ ಕೆಳಗೆ ಇಂಗ್ಲಿಷ್‌ನಲ್ಲಿ ಅಕ್ಷರದಲ್ಲಿ ಬರೆದ ಮೊತ್ತ ಇರುತ್ತದಲ್ಲ, ಅದನ್ನು ಓದಿಸಿ ಅಂಕಿಗೆ ತಿರುಗಿಸಿ ಹೋಲಿಸಿ. ಒಂದಕ್ಷರ ಅಳಿಸಿದರೂ `Thirty One Thousand` ಬೇರೆ ಸಂಖ್ಯೆ ಆಗಿಬಿಡುವುದಿಲ್ಲ. ಬಿಲ್ ಮೇಲಿನ ಅತ್ಯಂತ ಗಟ್ಟಿ ಸಾಕ್ಷಿ ಅದು. ಬಹಳ ಜನ ಅದನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಬಿಲ್ ನಂಬರಿಗೆ ಲೆಕ್ಕವಿಲ್ಲ

ಈಗ ಮೂರನೆಯ ತಪ್ಪು. 0387 ಬದಲು 0337. ಯಾವ ಗುಣಾಕಾರವೂ ಇದನ್ನು ಹಿಡಿಯುವುದಿಲ್ಲ. ನಮಗೆ ಆದದ್ದು ಹೀಗೆ: ಅದೇ ಬಿಲ್ ಎರಡು ದಿನ ಮುಂಚೆ ಮೇಲ್‌ನಲ್ಲೂ ಬಂದಿತ್ತು, ಅದರಲ್ಲಿ ಅಕ್ಷರ ನೇರವಾಗಿ ಸಿಕ್ಕಿ 0387 ಅಂತಲೇ ಎಂಟ್ರಿ ಆಗಿತ್ತು. ಆಮೇಲೆ ಕಾಗದ ಬಂತು, ಬಾಟ್ 0337 ಇದೆಯಾ ಅಂತ ಹುಡುಕಿತು, ಇಲ್ಲ, ಸರಿ ಅಂತ ಮತ್ತೊಮ್ಮೆ ಎಂಟ್ರಿ ಮಾಡಿತು. 31,931 ರೂಪಾಯಿ ಎರಡು ಸಲ ಹೋಯಿತು. ವೆಂಡರ್ ಒಳ್ಳೆಯವರು, ಲೆಡ್ಜರ್ ಹೊಂದಿಸುವಾಗ ಅವರೇ ಫೋನ್ ಮಾಡಿ "ಸಾರ್, ಒಂದು ಪೇಮೆಂಟ್ ಜಾಸ್ತಿ ಬಂದಿದೆ ನೋಡಿ" ಅಂದರು. ಎಲ್ಲರೂ ಹಾಗೆ ಫೋನ್ ಮಾಡುವುದಿಲ್ಲ.

ಇದಕ್ಕೆ ನಾವು ನಾಲ್ಕು ಕಡೆಯಿಂದ ಬೇಲಿ ಹಾಕಿದೆವು.

ಮೊದಲನೆಯದು ಇ-ಇನ್‌ವಾಯ್ಸ್ ಕ್ಯೂಆರ್. ಸಾಮಾನ್ಯವಾಗಿ 5 ಕೋಟಿಗಿಂತ ಜಾಸ್ತಿ ವಹಿವಾಟಿರುವವರು 2023ರ ಆಗಸ್ಟ್ 1ರಿಂದ ಬೇರೆ ವ್ಯಾಪಾರಿಗೆ ಕೊಡುವ ಬಿಲ್ ಮೇಲೆ ಇದನ್ನು ಹಾಕಲೇಬೇಕು. ಅದರೊಳಗೆ ಮಾರಿದವರ ಮತ್ತು ಕೊಂಡವರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ಒಟ್ಟು ಮೊತ್ತ ಎಲ್ಲ ಇರುತ್ತದೆ. ಕ್ಯೂಆರ್ ಓದಿದರೆ ಸರಿಯಾಗಿ ಓದುತ್ತದೆ, ಇಲ್ಲದಿದ್ದರೆ ಓದುವುದೇ ಇಲ್ಲ. 8 ಹೋಗಿ 3 ಆಗುವ ಪ್ರಶ್ನೆ ಇಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬರುವ ಉದ್ದನೆಯ ಸಾಲು ಎರಡು ಚುಕ್ಕಿಗಳಿಂದ ಮೂರು ಭಾಗವಾಗಿರುತ್ತದೆ, ನಡುವಿನ ಭಾಗ ಬಿಚ್ಚಿದರೆ ಸಾಕು.

```python
import base64, json
def qr_data(s):
    p = s.split(".")[1]
    p += "=" * (-len(p) % 4)
    d = json.loads(base64.urlsafe_b64decode(p))
    return json.loads(d["data"])
```

ಇದರಿಂದ `SellerGstin`, `DocNo`, `DocDt`, `TotInvVal` ಸಿಗುತ್ತವೆ. ಕ್ಯೂಆರ್ ಇದ್ದ ಬಿಲ್‌ನಲ್ಲಿ ಈ ನಾಲ್ಕನ್ನು ಓಸಿಆರ್‌ನಿಂದ ತೆಗೆದುಕೊಳ್ಳಲೇಬೇಡಿ. ಎರಡು ಎಚ್ಚರಿಕೆ. ಕೆಲವರು ಅದೇ ಕಾಗದದ ಮೇಲೆ ದುಡ್ಡು ಕಳಿಸುವ ಯುಪಿಐ ಕ್ಯೂಆರ್ ಕೂಡ ಹಾಕಿರುತ್ತಾರೆ, ಅದು `upi://` ಅಂತ ಶುರುವಾದರೆ ಬಿಟ್ಟು ಮುಂದಿನದನ್ನು ನೋಡಲು ಬಾಟ್‌ಗೆ ಹೇಳಿ. ಇನ್ನೊಂದು, ಮೇಲಿನ ಕೋಡ್ ಓದುತ್ತದೆ ಅಷ್ಟೇ, ಸಹಿ ಅಸಲಿಯಾ ಅಂತ ನೋಡುವುದಿಲ್ಲ. ಹೊಸ ವೆಂಡರ್ ಆದರೆ ಮೊದಲ ಬಿಲ್ ಅನ್ನು ಸರ್ಕಾರದ ಕ್ಯೂಆರ್ ಪರಿಶೀಲನೆ ಆ್ಯಪ್‌ನಲ್ಲಿ ಒಮ್ಮೆ ನೋಡಿಬಿಡಿ.

ಎರಡನೆಯದು ಕ್ಯೂಆರ್ ಇಲ್ಲದ ಸಣ್ಣ ವೆಂಡರ್‌ಗಳಿಗೆ. ಒಬ್ಬ ವೆಂಡರ್‌ನ ಬಿಲ್ ನಂಬರ್ ದಿನ ಕಳೆದಂತೆ ಏರುತ್ತಾ ಹೋಗಬೇಕು. ಈ ವೆಂಡರ್ ಆಗಸ್ಟ್ 5ರಂದು ಕೊಟ್ಟದ್ದು 0379. ಹಾಗಿದ್ದರೆ 12ರಂದು 0337 ಹೇಗೆ ಬಂತು? ಇಷ್ಟು ಕೇಳಿದರೆ ಸಾಕು, ತಪ್ಪು ಎದ್ದು ಕಾಣುತ್ತದೆ. ಎರಡು ಮೂರು ಸರಣಿ ಇಟ್ಟುಕೊಂಡಿರುವ ವೆಂಡರ್‌ಗೆ ನಂಬರಿನ ಶುರುವಿನ ಅಕ್ಷರ, ಅಂದರೆ `HF` ಥರದ್ದು, ನೋಡಿ ಸರಣಿ ಬೇರೆ ಮಾಡಬೇಕು. ಏಪ್ರಿಲ್‌ನಲ್ಲಿ ನಂಬರ್ ಮತ್ತೆ ಒಂದರಿಂದ ಶುರುವಾಗುವುದನ್ನು ಮರೆಯಬೇಡಿ. ನಾವು ಮರೆತು ಏಪ್ರಿಲ್ ಮೊದಲ ವಾರ ಎಲ್ಲ ಬಿಲ್‌ಗಳೂ ಪಕ್ಕಕ್ಕೆ ಬಂದು ಕೂತವು.

ಮೂರನೆಯದು ಮನುಷ್ಯನ ಕಣ್ಣು, ಆದರೆ ಸರಿಯಾದ ರೀತಿಯಲ್ಲಿ. ಅನುಮಾನ ಬಂದ ನಂಬರನ್ನು ತೋರಿಸಿ "ಇದು 0337 ತಾನೇ?" ಅಂತ ಕೇಳಿದರೆ ಸಂಜೆ ಆರು ಗಂಟೆಗೆ ಸುಸ್ತಾದವರು ಹೌದು ಅಂತಲೇ ಒತ್ತುತ್ತಾರೆ. ಆದ್ದರಿಂದ ಓಸಿಆರ್ ಏನು ಓದಿತು ಅಂತ ತೋರಿಸಲೇಬೇಡಿ. `tsv`ಯಲ್ಲಿ ಸಿಕ್ಕ ಜಾಗದ ಅಳತೆಯಿಂದ ಕಾಗದದ ಆ ತುಣುಕಿನ ಚಿತ್ರ ಮಾತ್ರ ಕತ್ತರಿಸಿ ತೋರಿಸಿ, ಪಕ್ಕದಲ್ಲಿ ಖಾಲಿ ಬಾಕ್ಸ್ ಇಡಿ, ಅವರೇ ಟೈಪ್ ಮಾಡಲಿ. ಎರಡೂ ಒಂದೇ ಆದರೆ ಮುಂದಕ್ಕೆ. ಐದು ಸೆಕೆಂಡಿನ ಕೆಲಸ.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿ, ಇದನ್ನು ಮೊದಲೇ ಮಾಡಿದ್ದರೆ ಆ 31,931 ಹೋಗುತ್ತಿರಲಿಲ್ಲ. ಸ್ಟೋರ್ಸ್‌ನಲ್ಲಿ ಮಾಲು ಇಳಿಸಿಕೊಂಡಾಗ ಮಾಡುವ ಜಿಆರ್‌ಎನ್ ಒಂದಕ್ಕೆ ಒಂದೇ ಬಿಲ್. ಬಿಲ್ ಎಂಟ್ರಿ ಆದ ತಕ್ಷಣ ಆ ಜಿಆರ್‌ಎನ್ ಮುಗಿಯಿತು ಅಂತ ಗುರುತು ಹಾಕಿ. ಎರಡನೇ ಸಲ ಅದೇ ಬಿಲ್ ಯಾವ ವೇಷದಲ್ಲಿ ಬಂದರೂ ಹೊಂದಿಸಲು ಮಾಲೇ ಉಳಿದಿರುವುದಿಲ್ಲ. ರಿಪೇರಿ, ಸಾಗಣೆ ಥರದ ಸೇವೆಯ ಬಿಲ್‌ಗೆ ಜಿಆರ್‌ಎನ್ ಇರುವುದಿಲ್ಲ. ಅಲ್ಲಿ ಅದೇ ವೆಂಡರ್, ಅದೇ ಮೊತ್ತ 45 ದಿನದೊಳಗೆ ಮತ್ತೆ ಬಂದರೆ ನಿಲ್ಲಿಸಿ ಕೇಳುವಂತೆ ಮಾಡಿ. ತಿಂಗಳ ಬಾಡಿಗೆ ಥರದ್ದು ಸುಮ್ಮಸುಮ್ಮನೆ ನಿಲ್ಲುತ್ತದೆ, ನಿಲ್ಲಲಿ ಬಿಡಿ.

ಜಿಎಸ್‌ಟಿ ನಂಬರಿಗೆ ಒಳಗೇ ಕಾವಲುಗಾರ ಇದ್ದಾನೆ

ಜಿಎಸ್‌ಟಿ ನಂಬರ್ 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕ 29, ತಮಿಳುನಾಡು 33, ಆಂಧ್ರ 37. ಆಮೇಲೆ 10 ಅಕ್ಷರ ಪ್ಯಾನ್. ಕೊನೆಯದು ಮುಂಚಿನ 14ರಿಂದ ಲೆಕ್ಕ ಹಾಕಿ ಇಟ್ಟ ಪರೀಕ್ಷಾ ಅಕ್ಷರ. ಯಾವುದಾದರೂ ಒಂದು ಅಕ್ಷರ ತಪ್ಪಾದರೆ ಲೆಕ್ಕ ಖಂಡಿತ ಕೆಡುತ್ತದೆ.

```python
C = "0123456789ABCDEFGHIJKLMNOPQRSTUVWXYZ"
def gst_ok(g):
    s = 0
    for i, ch in enumerate(g[:14]):
        p = C.index(ch) * (1 + i % 2)
        s += p // 36 + p % 36
    return len(g) == 15 and g[14] == C[-s % 36]
```

ಪರೀಕ್ಷೆಗೆ `33ABCDE1234F1Z7` ಕೊಟ್ಟು ನೋಡಿ, ಸರಿ ಅನ್ನುತ್ತದೆ (ಇದು ಯಾರದ್ದೂ ಅಲ್ಲ, ಇಂಥ ಪ್ಯಾನ್ ಇರಲು ಸಾಧ್ಯವಿಲ್ಲ). ಅದರಲ್ಲಿ 1234 ಅನ್ನು 7234 ಮಾಡಿ, ಕೊನೆಯಲ್ಲಿ `V` ಇರಬೇಕಿತ್ತು, `7` ಇದೆ, ತಪ್ಪು ಅನ್ನುತ್ತದೆ. ನಡುವೆ ಚುಕ್ಕಿ, ಗೆರೆ ಥರ ಏನಾದರೂ ಸೇರಿದ್ದರೆ ಕೋಡ್ ಎರರ್ ಕೊಟ್ಟು ನಿಲ್ಲುತ್ತದೆ, ಅದನ್ನೂ ತಪ್ಪು ಅಂತಲೇ ಎಣಿಸಿ.

ಇಲ್ಲಿ ಎರಡು ಹಳ್ಳ ಇವೆ. ಒಂದು, ಪ್ರತಿ ಬಿಲ್ ಮೇಲೂ ಎರಡು ಜಿಎಸ್‌ಟಿ ನಂಬರ್ ಇರುತ್ತವೆ, ಅವರದು ಮತ್ತು ನಮ್ಮದು. ನಮ್ಮದೇ ನಂಬರನ್ನು ವೆಂಡರ್ ಅಂತ ಹಿಡಿದುಕೊಂಡು ಬಾಟ್ ಒದ್ದಾಡುತ್ತದೆ. ಮೊದಲು ನಮ್ಮದನ್ನು ತೆಗೆದುಹಾಕಿ. ಹಾಗೇ ನಮ್ಮ ನಂಬರ್ ಬಿಲ್‌ನಲ್ಲಿ ಸಿಗಲೇ ಇಲ್ಲ ಅಂದರೆ ಅದೂ ನಿಲ್ಲಿಸಬೇಕಾದ ವಿಷಯ, ಪಕ್ಕದ ಕಾರ್ಖಾನೆಯ ಬಿಲ್ ನಮ್ಮ ಗೇಟ್‌ಗೆ ಬಂದದ್ದೂ ಉಂಟು. ಎರಡು, ನಂಬರ್ ಸ್ವಲ್ಪ ತಪ್ಪಿದ್ದರೆ ವೆಂಡರ್ ಪಟ್ಟಿಯಲ್ಲಿ ಹತ್ತಿರ ಕಾಣುವುದನ್ನು ಹಾಕಿಬಿಡು ಅಂತ ಬಾಟ್‌ಗೆ ಹೇಳುವುದು. ಹೊಸೂರಿನ ಕಂಪನಿಗೆ ಬೆಂಗಳೂರಿನಲ್ಲೂ ಗೋಡೌನ್ ಇದ್ದರೆ ಎರಡರ ಪ್ಯಾನ್ ಒಂದೇ, ಮೊದಲ ಎರಡು ಅಂಕಿ ಮತ್ತು ಕೊನೆಯ ಅಕ್ಷರ ಮಾತ್ರ ಬೇರೆ: `33ABCDE1234F1Z7`, `29ABCDE1234F1ZW`. 'ಹತ್ತಿರದ್ದು' ಹಾಕಿದರೆ ತಪ್ಪು ರಾಜ್ಯಕ್ಕೆ ಹೋಗಿ, ಐಜಿಎಸ್‌ಟಿ ಬಿಲ್ ತಪ್ಪು ಖಾತೆಯಲ್ಲಿ ಕೂರುತ್ತದೆ. ಮಾಲೂರಿನವರಿಗೆ ಹೊಸೂರು ಪಕ್ಕದ ಮನೆ ಇದ್ದಂತೆ, ಇದು ನಮಗೆ ವಾರಕ್ಕೊಮ್ಮೆ ಬರುವ ಕಥೆ. ಆದ್ದರಿಂದ ಬಿಲ್ ಮೇಲಿನ ರಾಜ್ಯದ ಅಂಕಿ ಮತ್ತು ತೆರಿಗೆಯ ಬಗೆ ಎರಡನ್ನೂ ಹೊಂದಿಸಿ. 29 ಆದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸಮ ಅರ್ಧ, ಬೇರೆ ರಾಜ್ಯವಾದರೆ ಐಜಿಎಸ್‌ಟಿ. ಮಾಲನ್ನು ಬೇರೆ ರಾಜ್ಯದ ವಿಳಾಸಕ್ಕೆ ತರಿಸಿದಾಗ, ಎಸ್‌ಇಜಡ್ ಇದ್ದಾಗ ಇದು ಹೊಂದುವುದಿಲ್ಲ. ಅವನ್ನು ಮನುಷ್ಯ ನೋಡಲಿ.

ಪಕ್ಕಕ್ಕೆ ಬಂದದ್ದು ಯಾರ ಟೇಬಲ್‌ಗೆ?

ಬಾಟ್ ನಿಲ್ಲುವುದಕ್ಕೆ ಎರಡು ಬಗೆಯ ಕಾರಣ ಇರುತ್ತದೆ, ಇವೆರಡನ್ನು ಬೆರೆಸಿದರೆ ಗೋಜಲು. ಒಂದು, ಬಿಲ್‌ನಲ್ಲಿ ಏನೋ ಹೊಂದುತ್ತಿಲ್ಲ. ಇನ್ನೊಂದು, ಯಂತ್ರ ಕೈಕೊಟ್ಟಿದೆ: ಸಾಫ್ಟ್‌ವೇರ್ ಹ್ಯಾಂಗ್ ಆಯಿತು, ಕರೆಂಟ್ ಹೋಯಿತು, ಎಲ್ಲಿಂದಲೋ ಒಂದು ಪಾಪ್‌ಅಪ್ ಬಂತು. ಮೊದಲನೆಯದನ್ನು ನೂರು ಸಲ ಮಾಡಿಸಿದರೂ ಫಲಿತಾಂಶ ಅದೇ, ಆದ್ದರಿಂದ ಮತ್ತೆ ಪ್ರಯತ್ನಿಸಬಾರದು, ಮನುಷ್ಯನಿಗೆ ಕೊಡಬೇಕು. ಎರಡನೆಯದನ್ನು ಮೂರು ಸಲ ಪ್ರಯತ್ನಿಸಿ, ಆಗದಿದ್ದರೆ ಪೂರ್ತಿ ನಿಲ್ಲಿಸಬೇಕು.

ಅದೇ ಹೊಸೂರು ವೆಂಡರ್‌ನ ಆಮೇಲಿನ ಒಂದು ಬಿಲ್ ನೋಡೋಣ, ಅದೇ ಬ್ರ್ಯಾಕೆಟ್, ಅದೇ ದರ. ಅಂಕಿಗಳೆಲ್ಲ ಸರಿಯಾದ ಮೇಲೂ ಅದು ಮುಂದೆ ಹೋಗಲಿಲ್ಲ. ಬಿಲ್‌ನಲ್ಲಿ 240 ಬ್ರ್ಯಾಕೆಟ್, ಜಿಆರ್‌ಎನ್‌ನಲ್ಲಿ 228. ಮೊದಲಿನ ವ್ಯವಸ್ಥೆಯಲ್ಲಿ ಬಾಟ್ `ERR_QTY_04` ಅಂತ ಬರೆದು ಎಕ್ಸೆಲ್‌ನಲ್ಲಿ ಹಾಕುತ್ತಿತ್ತು. ಸ್ಟೋರ್ಸ್‌ನ ಅಣ್ಣ ಅದನ್ನು ತಿಂಗಳುಗಟ್ಟಲೆ ತೆರೆದೇ ನೋಡಲಿಲ್ಲ, ತಪ್ಪು ಅವರದ್ದಲ್ಲ. ಈಗ ಬಾಟ್ ಬರೆಯುವುದು ಹೀಗೆ: "ಬಿಲ್‌ನಲ್ಲಿ ಬ್ರ್ಯಾಕೆಟ್ 240, ನಿಮ್ಮ ಜಿಆರ್‌ಎನ್‌ನಲ್ಲಿ 228. 12 ಕಡಿಮೆ ಬಂತಾ, ರಿಜೆಕ್ಟ್ ಆಯಿತಾ, ಎಣಿಕೆ ತಪ್ಪಾ?" ಜೊತೆಗೆ ಬಿಲ್‌ನ ಆ ಸಾಲಿನ ಚಿತ್ರ. ಅವತ್ತೇ ಉತ್ತರ ಬಂತು, 12 ರಿಜೆಕ್ಟ್. 12 ಬ್ರ್ಯಾಕೆಟ್‌ಗೆ 1,038, ತೆರಿಗೆ 186.84, ಒಟ್ಟು 1,224.84ಕ್ಕೆ ಡೆಬಿಟ್ ನೋಟ್ ಮಾಡಿ ಬಿಲ್ ಪೂರ್ತಿ ಎಂಟ್ರಿ ಮಾಡಿದೆವು.

ಎಣಿಕೆ ಹೊಂದದಿದ್ದರೆ ಸ್ಟೋರ್ಸ್‌ಗೆ, ದರ ಹೊಂದದಿದ್ದರೆ ಪಿಓ ಕೊಟ್ಟ ಪರ್ಚೇಸ್‌ಗೆ, ಜಿಎಸ್‌ಟಿ ತಕರಾರು ಅಕೌಂಟ್ಸ್‌ಗೆ. ಒಂದು ಬಿಲ್‌ಗೆ ಒಬ್ಬರೇ ಹೊಣೆ. ಎಷ್ಟು ದಿನದಿಂದ ಕೂತಿದೆ ಅನ್ನುವ ಕಾಲಂ ಇರಲೇಬೇಕು. ಸೂಕ್ಷ್ಮ, ಸಣ್ಣ ಉದ್ಯಮದವರಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅನ್ನುವ ಕಾನೂನು ಇದೆ. "ಬಿಲ್ ಬಾಟ್‌ನಲ್ಲಿ ಸಿಕ್ಕಿಕೊಂಡಿತ್ತು" ಅಂದರೆ ಯಾರೂ ಕೇಳುವುದಿಲ್ಲ.

ಬ್ಯಾಂಕ್ ಖಾತೆ ನಂಬರ್ ಒಂದು ಮಾತ್ರ ಬಾಟ್ ಯಾವತ್ತೂ ಬದಲಿಸಬಾರದು. ಬಿಲ್ ಮೇಲಿನ ಖಾತೆ ನಮ್ಮ ಪಟ್ಟಿಗೆ ಹೊಂದದಿದ್ದರೆ ನಿಲ್ಲಿಸಿ, ನಮ್ಮ ಹತ್ತಿರ ಮೊದಲಿನಿಂದ ಇರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಬೇಕು. ಆ ಬಿಲ್ ಮೇಲಿರುವ ನಂಬರಿಗೆ ಅಲ್ಲ.

ಸೇವ್ ಒತ್ತಿದ ಮೇಲೆ ಕರೆಂಟ್ ಹೋದರೆ

ಯಂತ್ರದ ತೊಂದರೆಯಲ್ಲಿ ಅಪಾಯದ ಜಾಗ ಒಂದೇ. ಬಾಟ್ ಸೇವ್ ಒತ್ತಿತು, ಆ ಕ್ಷಣಕ್ಕೆ ಸ್ಕ್ರೀನ್ ಹೆಪ್ಪುಗಟ್ಟಿತು. ಎಂಟ್ರಿ ಆಯಿತಾ, ಇಲ್ಲವಾ? ಬಾಟ್‌ಗೆ ಗೊತ್ತಿಲ್ಲ. `On block error` ಒಳಗೆ ಕಣ್ಣುಮುಚ್ಚಿ ಮೂರು ಸಲ ಮತ್ತೆ ಪ್ರಯತ್ನಿಸು ಅಂತ ಇಟ್ಟಿದ್ದರೆ ಮೂರು ಎಂಟ್ರಿಯೂ ಬೀಳಬಹುದು.

ಪರಿಹಾರ ಹೀಗೆ. ಬಾಟ್ ಒಂದು ಲಾಗ್ ಇಟ್ಟುಕೊಳ್ಳಲಿ. ಸೇವ್ ಒತ್ತುವ ಮುಂಚೆ 'ಒತ್ತಲಿದ್ದೇನೆ' ಅಂತ ಬರೆಯಲಿ, ಸಾಫ್ಟ್‌ವೇರ್ ವೋಚರ್ ನಂಬರ್ ಕೊಟ್ಟ ಮೇಲೆ ಆ ನಂಬರ್ ಬರೆಯಲಿ. ಮತ್ತೆ ಶುರುವಾದಾಗ 'ಒತ್ತಲಿದ್ದೇನೆ' ಇದ್ದು ವೋಚರ್ ನಂಬರ್ ಇಲ್ಲದ ಬಿಲ್ ಕಂಡರೆ, ಎಂಟ್ರಿ ಮಾಡುವ ಬದಲು ಮೊದಲು ಸಾಫ್ಟ್‌ವೇರ್‌ನಲ್ಲಿ ಆ ವೆಂಡರ್, ಆ ಬಿಲ್ ನಂಬರ್ ಹುಡುಕಲಿ. ಸಿಕ್ಕರೆ ನಂಬರ್ ಬರೆದುಕೊಂಡು ಮುಂದೆ, ಸಿಗದಿದ್ದರೆ ಮಾತ್ರ ಮತ್ತೆ ಎಂಟ್ರಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಗೆ ಅಂತ ನಿಮಗೂ ಗೊತ್ತು. ಯುಪಿಎಸ್ ಇದ್ದರೂ ಸರ್ವರ್ ಇರುವ ರೂಮಿಗೆ ಇರುತ್ತದೆ, ಬಾಟ್ ಓಡುವ ಪಿಸಿಗೆ ಇರುವುದಿಲ್ಲ. ನಮ್ಮಲ್ಲಿ ಹಾಗೇ ಇತ್ತು.

ಪಾಪ್‌ಅಪ್ ಬಂದರೆ ಓಕೆ ಒತ್ತು ಅಂತ ಮಾತ್ರ ಯಾವತ್ತೂ ಕಲಿಸಬೇಡಿ. ಅದರಲ್ಲಿ ಏನು ಬರೆದಿದೆ ಅಂತ ಓದಿ, ಗೊತ್ತಿರುವ ನಾಲ್ಕೈದು ಸಂದೇಶಕ್ಕೆ ಮಾತ್ರ ಉತ್ತರ. ಗೊತ್ತಿಲ್ಲದ್ದು ಬಂದರೆ ಸ್ಕ್ರೀನ್‌ಶಾಟ್ ತೆಗೆದು ನಿಲ್ಲಲಿ. ಮಾರ್ಚ್ ಮುಗಿದ ಮೇಲೆ 'ಹಳೇ ವರ್ಷದ ತಾರೀಖು, ಮುಂದುವರಿಸಲಾ?' ಅಂತ ಕೇಳುವ ಪಾಪ್‌ಅಪ್‌ಗೆ ಬಾಟ್ ಸರಾಗವಾಗಿ ಓಕೆ ಒತ್ತುತ್ತಾ ಹೋಯಿತು. ಆ ಕಥೆ ಆಡಿಟರ್ ಹತ್ತಿರ ಕೇಳಬೇಕು.

ಓಡಿಸುವ ಮುಂಚೆ ಮತ್ತು ದಿನಾ ಸಂಜೆ

ಮೊದಲ ಎರಡು ವಾರ ಬಾಟ್ ಎಲ್ಲ ತುಂಬಲಿ, ಸೇವ್ ಮಾತ್ರ ಮನುಷ್ಯ ಒತ್ತಲಿ. ಒತ್ತುವ ಮುಂಚೆ ತಿದ್ದಿದ್ದನ್ನೆಲ್ಲ ಬರೆದಿಡಿ. ನಮ್ಮ ಪಟ್ಟಿಯಲ್ಲಿ ಮೇಲೆ ಬಂದದ್ದು ಓಸಿಆರ್ ತಪ್ಪಲ್ಲ, ಗೇಟ್ ಸೀಲ್! ಸೆಕ್ಯುರಿಟಿ ತಾತ ಇನ್‌ವರ್ಡ್ ಸೀಲನ್ನು ಸರಿಯಾಗಿ ಒಟ್ಟು ಮೊತ್ತದ ಮೇಲೆಯೇ ಒತ್ತುತ್ತಿದ್ದರು, ಅಲ್ಲಿ ಜಾಗ ಇರುತ್ತಿತ್ತು ಅಂತ. ನೀಲಿ ಬಣ್ಣ ತೆಗೆಯಲು ಕೋಡ್ ಬರೆಯುತ್ತಾ ಮೂರು ದಿನ ಕಳೆದೆ. ಆಮೇಲೆ ಗೇಟ್‌ಗೆ ಹೋಗಿ "ತಾತ, ಇನ್ಮೇಲೆ ಹಿಂದಿನ ಪುಟಕ್ಕೆ ಒತ್ತಿ" ಅಂದೆ. ಮುಗಿಯಿತು.

ಸಂಜೆ ಒಂದು ಲೆಕ್ಕ ನೋಡಬೇಕು. ಬೆಳಗ್ಗೆ ಒಳಗೆ ಬಂದ ಬಿಲ್ 62 ಅಂದರೆ, ಎಂಟ್ರಿ ಆದದ್ದು, ಪಕ್ಕಕ್ಕಿಟ್ಟದ್ದು, ಇನ್ನೂ ಸಾಲಿನಲ್ಲಿರುವುದು ಸೇರಿ 62 ಆಗಬೇಕು. 61 ಬಂದರೆ ಮನೆಗೆ ಹೋಗಬೇಡಿ. ನಮ್ಮಲ್ಲಿ ಹಾಗೆ ಕಳೆದುಹೋಗುತ್ತಿದ್ದದ್ದು ಒಂದೇ ಪಿಡಿಎಫ್‌ನಲ್ಲಿ ಎರಡು ಬಿಲ್ ಸೇರಿಸಿ ಕಳಿಸುವವರದ್ದು. ಬಾಟ್ ಮೊದಲನೆಯದನ್ನು ಓದಿ ಸುಮ್ಮನಾಗುತ್ತಿತ್ತು. ಈಗ ಪುಟ ಪುಟಕ್ಕೂ ಬಿಲ್ ನಂಬರ್ ಹುಡುಕಿ, ಬದಲಾದ ಕಡೆ ಕತ್ತರಿಸುತ್ತದೆ.

ಇನ್ನೊಂದು ಜರಡಿ ತಿಂಗಳಿಗೊಮ್ಮೆ. 14ನೇ ತಾರೀಖು ಹಿಂದಿನ ತಿಂಗಳ ಜಿಎಸ್‌ಟಿಆರ್-2ಬಿ ಬರುತ್ತದೆ. ವೆಂಡರ್‌ಗಳು ತಾವೇ ತುಂಬಿದ ಬಿಲ್ ನಂಬರ್, ತಾರೀಖು, ಮೊತ್ತ ಅಲ್ಲಿರುತ್ತದೆ. ಅದನ್ನು ನಮ್ಮ ಎಂಟ್ರಿಯ ಜೊತೆ ಇಟ್ಟು ನೋಡಿದರೆ ಮೊತ್ತ ಒಂದೇ ಇದ್ದು ನಂಬರಿನಲ್ಲಿ ಒಂದಕ್ಷರ ಬೇರೆ ಇರುವ ಸಾಲುಗಳು ಸಿಗುತ್ತವೆ, ಅವು ಓಸಿಆರ್ ಮೋಸ ಮಾಡಿದ್ದು. ನಮ್ಮಲ್ಲಿದ್ದು ಅಲ್ಲಿಲ್ಲದ್ದು ವೆಂಡರ್ ಇನ್ನೂ ರಿಟರ್ನ್ ತುಂಬಿಲ್ಲದ್ದು, ಇಲ್ಲವೇ ನಾವೇ ಎರಡು ಸಲ ಹಾಕಿಕೊಂಡದ್ದು. ಅಲ್ಲಿದ್ದು ನಮ್ಮಲ್ಲಿಲ್ಲದ್ದು ಬಿಲ್ ನಮ್ಮ ಕೈಗೇ ಬಂದಿಲ್ಲದ್ದು. ಹೋದ ಸಲ ಅಂಥ ಮೂರು ಸಿಕ್ಕವು. ಎರಡು ಮೇಲ್‌ನ ಸ್ಪ್ಯಾಮ್‌ನಲ್ಲಿದ್ದವು, ಇನ್ನೊಂದು ಲಾರಿಯ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಒಣಗುತ್ತಿತ್ತು.